ದಿಂಬು ಇಡೋದಾ, ತೆಗೆಯೋದಾ? ಒಂದೇ ಕಿಟ್‌ನಲ್ಲಿ ಇಬ್ಬರು ಡ್ರಮ್ಮರ್‌ಗಳು

ಶಿವಮೊಗ್ಗದ ಕಾಲೇಜು ಫೆಸ್ಟೋ ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾವೋ ಇರಲಿ, ವೇದಿಕೆ ಮೇಲೆ ಒಂದೇ ಬಾಡಿಗೆ ಡ್ರಮ್ ಕಿಟ್ ಇದ್ದು ಎರಡು ತಂಡ ನುಡಿಸುವುದು ಮಾಮೂಲು. ಮೊದಲ ತಂಡದ ಡ್ರಮ್ಮರ್ ಜಾಝ್ ಕೇಳಿ ಬೆಳೆದವನು, ಎರಡನೆಯವನು ಹಾರ್ಡ್ ರಾಕ್‌ನವನು ಅಂತಿಟ್ಟುಕೊಳ್ಳಿ. ನಡುವೆ ಸಿಗುವುದು ಹತ್ತು ನಿಮಿಷ. ವೇದಿಕೆ ಕೆಲಸಕ್ಕೆ ಹೊಸಬರು ಸ್ಟೂಲಿನ ಎತ್ತರ ಸರಿಮಾಡಿ ಕೆಳಗಿಳಿದುಬಿಡುತ್ತಾರೆ. ಅಸಲಿ ಕೆಲಸ ಇರುವುದು ಕಾಲಿನಿಂದ ನುಡಿಸುವ ಬೇಸ್ ಡ್ರಮ್‌ನಲ್ಲಿ, ಅದರೊಳಗೆ ಸದ್ದು ತಗ್ಗಿಸುವ ದಿಂಬು ಇರಬೇಕೋ ಬೇಡವೋ ಅನ್ನುವುದರಲ್ಲಿ.

ತಾಳ ಯಾರ ಕೈಯಲ್ಲಿದೆ ಅನ್ನುವುದನ್ನು ಮೊದಲು ನೋಡಬೇಕು. ಜಾಝ್ ಹಿನ್ನೆಲೆಯವನ ತಾಳ ರೈಡ್ ಸಿಂಬಲ್ ಮೇಲಿನ ಬಲಗೈಯಲ್ಲಿರುತ್ತದೆ. ಕಾಲು ಬೇಸ್ ಡ್ರಮ್ಮನ್ನು ಗರಿ ತಾಗಿಸಿದ ಹಾಗೆ ಮುಟ್ಟುತ್ತಾ, ನಡುವೆ ಎಲ್ಲೋ ಒಂದು ಪೆಟ್ಟು ಹಾಕಿ ಗಿಟಾರಿಗೆ ಉತ್ತರ ಕೊಡುತ್ತದೆ. 1966ರಲ್ಲಿ ರಾಕ್ ಗಿಟಾರಿಸ್ಟ್ ಜಿಮಿ ಹೆಂಡ್ರಿಕ್ಸ್ ಜೊತೆ ಸೇರಿದ ಮಿಚ್ ಮಿಚೆಲ್ ನುಡಿಸಿದ್ದು ಹೀಗೆ. ಹಾರ್ಡ್ ರಾಕ್‌ನಲ್ಲಿ ಇದೇ ತಿರುಗುಮುರುಗು. ಕಾಲು ಮತ್ತು ಸ್ನೇರ್ ಸೇರಿ ಹಾಡನ್ನು ಹೊರುತ್ತವೆ, ಸಿಂಬಲ್ ಮೇಲಿನ ಕೈ ಎಣಿಕೆ ಇಟ್ಟುಕೊಂಡಿರುತ್ತದೆ ಅಷ್ಟೇ.

ಡ್ರಮ್ಮಿನ ಅಳತೆ ಬೇರೆಯಾಗುವುದೂ ಇದೇ ಕಾರಣಕ್ಕೆ. ಮೆಲ್ಲಗೆ ಮುಟ್ಟಿದರೂ ಮಾತಾಡಬೇಕಾದರೆ ಡ್ರಮ್ ಚಿಕ್ಕದಿರಬೇಕು, ಅದರ ಮೇಲಿನ ಹೊದಿಕೆ, ಅಂದರೆ ಹೆಡ್, ಬಿಗಿಯಾಗಿರಬೇಕು: 18ರಿಂದ 22 ಇಂಚು, ಎರಡೂ ಕಡೆ ಮುಚ್ಚಿದ ಹೆಡ್, ಒಳಗೆ ದಿಂಬಿಲ್ಲ. ನಮ್ಮ ಡೊಳ್ಳಿನ ಹಾಗೆ ಪೆಟ್ಟಿನ ನಂತರವೂ ನಾದ ಉಳಿಯುತ್ತದೆ. ಹಾರ್ಡ್ ರಾಕ್‌ನವನಿಗೆ 24 ಇಂಚಾದರೆ ಖುಷಿ, ಹೆಡ್ ಸಡಿಲ, ಮುಂದಿನ ಹೆಡ್‌ಗೆ ತೂತು, ಒಳಗೆ ದಿಂಬು. ಅವನಿಗೆ ಬೇಕಾದ್ದು ‘ಧಡ್’ ಅಂತ ಬಿದ್ದು ಅಲ್ಲೇ ನಿಲ್ಲುವ ಸದ್ದು. ಗಿಟಾರುಗಳ ಗದ್ದಲದಲ್ಲಿ ಉದ್ದನೆಯ ನಾದ ಬರೀ ಕೆಸರು.

ಹಾಗಂತ ಇದನ್ನು ಕಟ್ಟುನಿಟ್ಟಿನ ನಿಯಮ ಮಾಡಿಕೊಳ್ಳಬೇಡಿ. ಲೆಡ್ ಜೆಪ್ಲಿನ್ ತಂಡದ ಜಾನ್ ಬೊನಮ್ 26 ಇಂಚಿನ ಡ್ರಮ್ ಇಟ್ಟುಕೊಂಡು ಜಾಝ್‌ನವರ ಹಾಗೆ ನಾದ ಉಳಿಸಿ ನುಡಿಸಿದವರು. ಕ್ರೀಮ್ ತಂಡದ ಜಿಂಜರ್ ಬೇಕರ್ ಜಾಝ್‌ನಿಂದ ಬಂದು ಎರಡು ಬೇಸ್ ಡ್ರಮ್ ಇಟ್ಟರು. ಹೆಸರಿಗಿಂತ ಕಾಲು ನೋಡಿ.

ಕಾಲಲ್ಲಿ ನೋಡಬೇಕಾದ್ದು ಹಿಮ್ಮಡಿ. ಅದು ಪೆಡಲ್ ಮೇಲೆ ಊರಿಕೊಂಡೇ ಇದ್ದರೆ ಪೆಡಲಿನ ಬಡಿಗೆಯಾದ ಬೀಟರ್ ಹೆಡ್‌ಗೆ ತಾಗಿ ತಕ್ಷಣ ಹಿಂದೆ ಬರುತ್ತದೆ. ಹಿಮ್ಮಡಿ ಎತ್ತಿ ಇಡೀ ಕಾಲಿನ ತೂಕ ಬಿಡುವವನು ಸಾಮಾನ್ಯವಾಗಿ ಬೀಟರನ್ನು ಹೆಡ್‌ಗೇ ಒತ್ತಿ ಹಿಡಿಯುತ್ತಾನೆ. ಎಡವಟ್ಟಾಗುವುದು ಇಲ್ಲೇ. ದಿಂಬಿಲ್ಲದ, ಬಿಗಿ ಹೆಡ್‌ಗೆ ಬೀಟರ್ ಒತ್ತಿದರೆ ಹೆಡ್ ಅದನ್ನು ವಾಪಸ್ ತಳ್ಳುತ್ತದೆ, ಒಂದು ಪೆಟ್ಟಿನ ಬೆನ್ನಿಗೆ ‘ಬುರ್ರ್’ ಅಂತ ಸಣ್ಣ ಪೆಟ್ಟುಗಳು ಬೀಳುತ್ತವೆ. ಮೈಕಿನಲ್ಲಿ ಅದು ಪೆಡಲ್ ಕೆಟ್ಟಂತೆ ಕೇಳುತ್ತದೆ, ಸ್ಪ್ರಿಂಗ್ ಬಿಗಿ ಮಾಡುತ್ತಾ ಐದು ನಿಮಿಷ ಕಳೆಯುತ್ತಾರೆ. ಪೆಡಲ್ ಸರಿಯಾಗೇ ಇರುತ್ತದೆ. ಇದರ ತದ್ವಿರುದ್ಧವೂ ಆಗುತ್ತದೆ: ದಿಂಬು ತುಂಬಿದ ಸಡಿಲ ಡ್ರಮ್ಮಿಗೆ ಜಾಝ್‌ನವನ ಮೃದು ಪೆಟ್ಟು ಬಿದ್ದರೆ ಏನೂ ಕೇಳುವುದಿಲ್ಲ. ಅವನು ಜೋರಾಗಿ ತುಳಿಯಲು ಶುರುಮಾಡುತ್ತಾನೆ, ರೈಡ್‌ನ ಓಟ ಕೆಡುತ್ತದೆ.

ಈಗ ಆ ಹತ್ತು ನಿಮಿಷ. ಕಿಟ್ 22 ಇಂಚಿನದು, ಮುಂದಿನ ಹೆಡ್‌ಗೆ 5 ಇಂಚಿನ ತೂತಿದೆ. ಮೊದಲ ತಂಡಕ್ಕೆ ದಿಂಬು ಹೊರಗೆ. ಹಿಂದಿನ ಹೆಡ್‌ನ ಸುಕ್ಕು ಹೋಗುವಷ್ಟು ತಿರುಗಿಸಿ, ಆಮೇಲೆ ಹೆಡ್ ಬಿಗಿಸುವ ಪ್ರತಿ ರಾಡ್‌ಗೆ ಮುಕ್ಕಾಲು ಸುತ್ತು, ಎದುರು ಬದುರಾಗಿ. ಬದಲಾವಣೆಯ ಹೊತ್ತಿಗೆ ಅರ್ಧ ಸುತ್ತು ಸಡಿಲಿಸಿ, ದಿಂಬನ್ನು ತೂತಿನಿಂದ ತುರುಕಿ ಹಿಂದಿನ ಹೆಡ್‌ಗೆ ತಾಗುವಂತೆ ಮಾತ್ರ ಮಲಗಿಸಿ. ಎರಡೂ ಹೆಡ್‌ಗೆ ಒತ್ತಿದರೆ ರಟ್ಟಿನ ಪೆಟ್ಟಿಗೆ ಬಡಿದಂತಾಗುತ್ತದೆ. ಮಳೆಗಾಲದಲ್ಲಿ ಸುತ್ತು ಎಣಿಸಿದರೆ ಸಾಲದು. ಮಲೆನಾಡಿನ ತೇವಕ್ಕೆ ರಾಡ್ ತುಕ್ಕು ಹಿಡಿದು ಬಿಗಿಯಾದರೆ ಕೈಗೆ ಹೆಡ್ ಬಿಗಿಯಾದಂತೆ ಅನಿಸುತ್ತದೆ, ಹೆಡ್ ಸಡಿಲವೇ ಇರುತ್ತದೆ. ಪ್ರತಿ ರಾಡ್‌ನಿಂದ ಎರಡು ಇಂಚು ಒಳಗೆ ಬೆರಳಲ್ಲಿ ತಟ್ಟಿ ಸ್ವರ ಹೋಲಿಸಿ.

ಟಾಮ್‌ಗಳನ್ನು ಮುಟ್ಟಲು ಹೋಗಬೇಡಿ, ಸಮಯ ಸಾಲದು. ಸ್ನೇರ್ ಮಾತ್ರ ನೋಡಲೇಬೇಕು. ಎಡಗೈ ಅಂಗೈ ಮೇಲೆ ಮಾಡಿ ಕೋಲು ಹಿಡಿಯುವವನಿಗೆ ಅದು ಬಲಕ್ಕೆ ಸ್ವಲ್ಪ ಇಳಿಜಾರಾಗಿರಬೇಕು. ಅಂಚು ಮತ್ತು ಹೆಡ್ ಎರಡಕ್ಕೂ ಒಟ್ಟಿಗೆ ಬಾರಿಸುವ ರಾಕ್‌ನವನಿಗೆ ಆ ಇಳಿಜಾರಿನಲ್ಲಿ ಪೆಟ್ಟು ತಪ್ಪುತ್ತದೆ, ಮಟ್ಟಸ ಮಾಡಿಕೊಡಿ.

ಕೊನೆಗೆ ಸಿಂಬಲ್. ಜಾಝ್‌ನವನು ತಂದ ತೆಳು ರೈಡ್ ಅವನ ಜೊತೆಗೇ ಕೆಳಗಿಳಿಯಲಿ. ದಪ್ಪ ಕೋಲು ಅದರ ಅಂಚಿಗೆ ಬಿದ್ದರೆ, ಅದರಲ್ಲೂ ಮೇಲಿನ ನಟ್ಟು ಬಿಗಿಯಾಗಿದ್ದು ಸಿಂಬಲ್ ತೂಗಾಡಲು ಆಗದಿದ್ದರೆ, ಅಂಚಿನಿಂದ ಬಿರುಕು ಶುರುವಾಗುತ್ತದೆ. ಆಮೇಲೆ ದುಡ್ಡು ಕೊಡುವವರು ಯಾರು ಅನ್ನುವ ಜಗಳ ಪೆಂಡಾಲು ಬಿಚ್ಚುವ ತನಕ ಮುಗಿಯುವುದಿಲ್ಲ.