ಕ್ಯೂಆರ್ ಕೋಡ್ ತೋರಿಸಿದರೆ ವೈಫೈ ಪಾಸ್‌ವರ್ಡ್ ಗುಟ್ಟಾಗಿ ಉಳಿಯುತ್ತಾ?

"ಮನೆಗೆ ಬಂದವರು ವೈಫೈ ಕೇಳ್ತಾರೆ. ಕೊಡಲ್ಲ ಅನ್ನೋಕಾಗಲ್ಲ, ಆದ್ರೆ ಪಾಸ್‌ವರ್ಡ್ ಹೇಳೋಕೂ ಇಷ್ಟ ಇಲ್ಲ. ಕ್ಯೂಆರ್ ಕೋಡ್ ತೋರಿಸಿದ್ರೆ ಅವರಿಗೆ ಪಾಸ್‌ವರ್ಡ್ ಗೊತ್ತಾಗಲ್ಲ ಅಲ್ವಾ?"

ಅವರ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ಅವರ ಫೋನಿಗಂತೂ ಪೂರ್ತಿ ಗೊತ್ತಾಗುತ್ತದೆ. ಫೋನಿಗೆ ಗೊತ್ತಾದದ್ದನ್ನು ಫೋನಿನ ಯಜಮಾನ ಬೇಕೆಂದಾಗ ತೆಗೆದು ನೋಡಬಹುದು.

ಆ ಕಪ್ಪು-ಬಿಳಿ ಚೌಕದೊಳಗೆ ಏನಿದೆ ಅಂತ ಬಿಚ್ಚಿ ನೋಡೋಣ. ನಿಮ್ಮ ವೈಫೈ ಹೆಸರು `Mane-Athithi`, ಪಾಸ್‌ವರ್ಡ್ `mavinamara27` ಅಂದುಕೊಳ್ಳಿ. ಆಗ ಕೋಡಿನಲ್ಲಿ ಇರುವುದು ಇಷ್ಟೇ:

```
WIFI:T:WPA;S:Mane-Athithi;P:mavinamara27;;
```

`T` ಅಂದರೆ ಯಾವ ಬಗೆಯ ಭದ್ರತೆ, `S` ಅಂದರೆ ನೆಟ್‌ವರ್ಕಿನ ಹೆಸರು, `P` ಅಂದರೆ ಪಾಸ್‌ವರ್ಡ್. ಯಾವ ಬೀಗವೂ ಇಲ್ಲ, ಗೂಢಲಿಪಿಯೂ ಇಲ್ಲ. ನಮ್ಮ ಕಣ್ಣಿಗೆ ಚುಕ್ಕಿಗಳಾಗಿ ಕಾಣುವುದು ಕ್ಯಾಮೆರಾಗೆ ನೇರ ಅಕ್ಷರ. ಫೋನಿನ ಕ್ಯಾಮೆರಾ ಇದನ್ನು ಓದಿ, "ಓ, ಇದು ವೈಫೈ" ಅಂತ ಅರ್ಥ ಮಾಡಿಕೊಂಡು, ಸೇರಲೇ ಅಂತ ಕೇಳುತ್ತದೆ. ಪಾಸ್‌ವರ್ಡ್ ತೋರಿಸುವುದಿಲ್ಲ. ಆದರೆ ಅದೇ ಕೋಡನ್ನು ಒಂದು ಸಾಮಾನ್ಯ ಸ್ಕ್ಯಾನರ್ ಆಪ್‌ನಲ್ಲಿ ಓದಿಸಿ ನೋಡಿ. ಮೇಲಿನ ಸಾಲು ಇದ್ದ ಹಾಗೇ ಬಂದು ಕೂರುತ್ತದೆ, ಪಾಸ್‌ವರ್ಡ್ ಸಮೇತ. ಕೋಡಿನ ಫೋಟೋ ಒಂದಿದ್ದರೂ ಸಾಕು. ಗೋಡೆಗೆ ಅಂಟಿಸಿದ ಕೋಡಿನ ಮುಂದೆ ಯಾರೋ ನಿಂತು ಸೆಲ್ಫಿ ತೆಗೆದು ಎಲ್ಲೋ ಹಾಕಿದರು ಅಂದರೆ, ಪಾಸ್‌ವರ್ಡನ್ನೇ ಹಾಕಿದ ಹಾಗೆ.

ಸರಿ, ಬಂದವರು ಅಂಥ ಆಪ್ ಹಾಕುವವರಲ್ಲ, ನಂಬಿಕಸ್ತರು ಅಂತಲೇ ಇಟ್ಟುಕೊಳ್ಳಿ. ಒಮ್ಮೆ ಸೇರಿದ ಮೇಲೆ ಪಾಸ್‌ವರ್ಡ್ ಅವರ ಫೋನಿನಲ್ಲಿ ಉಳಿಯುತ್ತದೆ. ಇಲ್ಲದಿದ್ದರೆ ಮುಂದಿನ ಸಲ ಬಂದಾಗ ತಾನಾಗಿ ಸೇರುವುದು ಹೇಗೆ? ಆಂಡ್ರಾಯ್ಡ್ 10ರಿಂದ ಈಚೆಗೆ ವೈಫೈ ಸೆಟ್ಟಿಂಗ್ಸ್‌ನಲ್ಲಿ ಆ ನೆಟ್‌ವರ್ಕಿನ ಪಕ್ಕದ ಗೇರ್ ಗುರುತು ಒತ್ತಿ, `Share` ಅಂದರೆ, ಅವರ ಫೋನೇ ಅದೇ ಕ್ಯೂಆರ್ ಕೋಡನ್ನು ಮತ್ತೆ ಬರೆದುಕೊಡುತ್ತದೆ. ಎಷ್ಟೋ ಫೋನುಗಳಲ್ಲಿ ಕೋಡಿನ ಕೆಳಗೆ ಪಾಸ್‌ವರ್ಡನ್ನೂ ಅಚ್ಚುಕಟ್ಟಾಗಿ ಬರೆದಿರುತ್ತದೆ. ಐಫೋನಿನಲ್ಲಿ ಐಒಎಸ್ 16 ಬಂದ ಮೇಲೆ, ವೈಫೈ ಹೆಸರಿನ ಪಕ್ಕದ ಮಾಹಿತಿ ಗುರುತು ಒತ್ತಿ ಪಾಸ್‌ವರ್ಡ್ ಸಾಲನ್ನು ಮುಟ್ಟಿದರೆ ಕಾಣಿಸುತ್ತದೆ.

ಎರಡೂ ಕಡೆ ತೋರಿಸುವ ಮುಂಚೆ ಫೋನ್ ಬೆರಳಚ್ಚನ್ನೋ ಮುಖವನ್ನೋ ಕೇಳುತ್ತದೆ, ನಿಜ. "ಹಾಗಾದ್ರೆ ಸೇಫ್ ಅಲ್ವಾ" ಅಂತ ಜನ ಸಮಾಧಾನಪಟ್ಟುಕೊಳ್ಳುವುದೂ ಇಲ್ಲೇ. ಆದರೆ ಅದು ಕೇಳುವುದು ಯಾರ ಬೆರಳನ್ನು? ಫೋನಿನ ಯಜಮಾನನದ್ದು. ನಿಮ್ಮದಲ್ಲ.

ಇದು ಫೋನ್ ತಯಾರಿಸಿದವರ ತಪ್ಪೂ ಅಲ್ಲ. ಮನೆಯ ವೈಫೈ ಕೆಲಸ ಮಾಡುವ ರೀತಿಯೇ ಹಾಗೆ. ರೂಟರ್ ಮತ್ತು ಫೋನ್ ಎರಡಕ್ಕೂ ಒಂದೇ ಪಾಸ್‌ವರ್ಡ್ ಗೊತ್ತಿರಬೇಕು. ಫೋನ್ ತನಗೆ ಅದು ಗೊತ್ತಿದೆ ಅಂತ ಸಾಬೀತು ಮಾಡಿದರೆ ಮಾತ್ರ ರೂಟರ್ ಒಳಗೆ ಬಿಡುತ್ತದೆ. ಪಾಸ್‌ವರ್ಡ್ ಕೊಡದೆ ಸೇರಿಸುವ ದಾರಿ ಈ ಏರ್ಪಾಡಿನಲ್ಲಿ ಇಲ್ಲ. ಎರಡು ಐಫೋನುಗಳನ್ನು ಹತ್ತಿರ ಹಿಡಿದಾಗ ಬರುತ್ತದಲ್ಲ, "ಪಾಸ್‌ವರ್ಡ್ ಹಂಚಿಕೊಳ್ಳಲೇ" ಅನ್ನುವ ಚೀಟಿ, ಅದೂ ಇಷ್ಟನ್ನೇ ಮಾಡುವುದು. ಕಳಿಸುವ ರೀತಿ ಮಾತ್ರ ಬೇರೆ.

ಹಾಗಾಗಿ ನಾನು ಕೇಳಿದವರಿಗೆಲ್ಲ ಹೇಳುವುದು: ಪಾಸ್‌ವರ್ಡ್ ಬಚ್ಚಿಡುವ ಕಷ್ಟ ಬಿಡಿ. ಗೊತ್ತಾದರೂ ಏನೂ ಹೋಗದಂಥ ಪಾಸ್‌ವರ್ಡ್ ಒಂದನ್ನು ಬೇರೆ ಮಾಡಿ. ಅದಕ್ಕೇ ರೂಟರ್‌ನಲ್ಲಿ ಗೆಸ್ಟ್ ನೆಟ್‌ವರ್ಕ್ ಇರುವುದು.

ಬ್ರೌಸರ್‌ನಲ್ಲಿ ರೂಟರ್‌ನ ವಿಳಾಸ ಟೈಪ್ ಮಾಡಿ. ಸಾಮಾನ್ಯವಾಗಿ `192.168.0.1` ಅಥವಾ `192.168.1.1` ಇರುತ್ತದೆ, ರೂಟರ್‌ನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲೂ ಬರೆದಿರುತ್ತದೆ. ಒಳಗೆ `Guest Network` ಅಂತ ಒಂದು ಜಾಗ ಇರುತ್ತದೆ. ಅದನ್ನು ಆನ್ ಮಾಡಿ, ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಕೊಡಿ. ಭದ್ರತೆ ಅಂದಲ್ಲಿ WPA2 ಇರಲಿ, ಅಥವಾ WPA2/WPA3 ಎರಡೂ ಸೇರಿದ್ದು ಇರಲಿ. ಬರೀ WPA3 ಇಟ್ಟರೆ ಬಂದವರ ಹಳೇ ಫೋನ್ ಸೇರದೆ ಒದ್ದಾಡುತ್ತದೆ. ಪಾಸ್‌ವರ್ಡೇ ಇಲ್ಲದೆ ತೆರೆದಿಡುವುದು ಮಾತ್ರ ಬೇಡ.

ಅಲ್ಲೇ ಇನ್ನೊಂದು ಟಿಕ್ ಗುರುತು ಇರುತ್ತದೆ. ಅತಿಥಿಗಳು ಮನೆಯ ಲೋಕಲ್ ನೆಟ್‌ವರ್ಕ್ ಮುಟ್ಟಬಹುದೇ ಅನ್ನುವುದು. ಒಂದೊಂದು ರೂಟರ್‌ನಲ್ಲಿ ಒಂದೊಂದು ಥರ ಬರೆದಿರುತ್ತಾರೆ, ಆದರೆ ಮಾತಿನಲ್ಲಿ ಸಾಮಾನ್ಯವಾಗಿ `local network` ಅಥವಾ `isolation` ಬರುತ್ತದೆ. `local network`ಗೆ ಅನುಮತಿ ಅಂತಿದ್ದರೆ ಟಿಕ್ ತೆಗೆಯಿರಿ, `isolation` ಅಂದರೆ ಬೇರ್ಪಡಿಸುವುದು ಅಂತಿದ್ದರೆ ಟಿಕ್ ಹಾಕಿ. ಇಡೀ ಏರ್ಪಾಡಿನ ಜೀವ ಇರುವುದು ಈ ಟಿಕ್‌ನಲ್ಲಿ. ಲೋಕಲ್ ನೆಟ್‌ವರ್ಕಿಗೆ ಅನುಮತಿ ಇದ್ದರೆ ಗೆಸ್ಟ್ ನೆಟ್‌ವರ್ಕ್ ಹೆಸರಿಗೆ ಮಾತ್ರ ಬೇರೆ. ನಿಮ್ಮ ಪ್ರಿಂಟರ್, ಕ್ಯಾಮೆರಾ, ಕಂಪ್ಯೂಟರಿನ ಹಂಚಿದ ಫೋಲ್ಡರ್ ಎಲ್ಲವೂ ಬಂದವರ ಫೋನಿಗೆ ಸಿಗುತ್ತವೆ.

ಟಿಕ್ ಸರಿ ಇದ್ದ ಮಾತ್ರಕ್ಕೆ ನಂಬಬೇಡಿ, ಪರೀಕ್ಷೆ ಮಾಡಿ. ಕಷ್ಟವೇನಿಲ್ಲ. ರೂಟರ್ ಪುಟದಲ್ಲಿ ಸದ್ಯ ಸೇರಿರುವ ಸಾಧನಗಳ ಪಟ್ಟಿ ಇರುತ್ತದೆ. ಅದರಲ್ಲಿ ನಿಮ್ಮ ಪ್ರಿಂಟರಿನ ವಿಳಾಸ `192.168.0.14` ಅಂತಿದೆ ಅಂದುಕೊಳ್ಳಿ. ಮೊದಲು ಮನೆಯ ವೈಫೈನಲ್ಲೇ ಇದ್ದು ಆ ವಿಳಾಸವನ್ನು ಬ್ರೌಸರ್‌ನಲ್ಲಿ ತೆರೆಯಿರಿ. ವೈಫೈ ಇರುವ ಬಹಳಷ್ಟು ಪ್ರಿಂಟರುಗಳಲ್ಲಿ ಒಂದು ಸಣ್ಣ ಪುಟ ತೆರೆದುಕೊಳ್ಳುತ್ತದೆ. ಈಗ ಮೊಬೈಲ್ ಡೇಟಾ ಆಫ್ ಮಾಡಿ, ಫೋನನ್ನು ಗೆಸ್ಟ್ ನೆಟ್‌ವರ್ಕಿಗೆ ಸೇರಿಸಿ, ಅದೇ ವಿಳಾಸ ಮತ್ತೆ ತೆರೆಯಿರಿ. ಸುಮ್ನೆ ಸುತ್ತುತ್ತಾ ಸುತ್ತುತ್ತಾ ಕೊನೆಗೆ ಪುಟ ಸಿಗಲಿಲ್ಲ ಅಂದರೆ ಸರಿ ಇದೆ. ಪ್ರಿಂಟರ್ ಪುಟ ಬಂತು ಅಂದರೆ ಗೋಡೆ ಇಲ್ಲ. ಹಾಗೇ `192.168.0.1` ಕೂಡ ತೆರೆದು ನೋಡಿ. ಕೆಲವು ರೂಟರ್‌ಗಳು ಗೆಸ್ಟ್ ಕಡೆಯಿಂದಲೂ ಲಾಗಿನ್ ಪುಟ ತೋರಿಸುತ್ತವೆ. ನಿಮ್ಮದೂ ಹಾಗಿದ್ದು, ರೂಟರ್ ಪಾಸ್‌ವರ್ಡ್ ಇನ್ನೂ `admin` ಆಗಿದ್ದರೆ, ಅದನ್ನು ಮೊದಲು ಬದಲಿಸಿ.

ಇದಕ್ಕೆ ತೆರಬೇಕಾದ ಬೆಲೆ ಒಂದಿದೆ. ಬಂದವರು ತಮ್ಮ ಫೋನಿನಿಂದ ನಿಮ್ಮ ಟಿವಿಗೆ ಫೋಟೋ, ವಿಡಿಯೋ ಹಾಕಲು ಹೋದರೆ ಸಾಮಾನ್ಯವಾಗಿ ಟಿವಿಯೇ ಕಾಣುವುದಿಲ್ಲ. ಕೆಟ್ಟಿದೆ ಅಂದುಕೊಳ್ಳಬೇಡಿ, ಗೋಡೆ ತನ್ನ ಕೆಲಸ ಮಾಡುತ್ತಿದೆ. ಅದಕ್ಕೋಸ್ಕರ ಅವರನ್ನು ಮನೆಯ ನೆಟ್‌ವರ್ಕಿಗೆ ಸೇರಿಸುವ ಬದಲು, ಫೋಟೋಗಳನ್ನು ನಿಮ್ಮ ಫೋನಿಗೆ ಕಳಿಸಿಕೊಂಡು ನೀವೇ ಹಾಕುವುದು ಒಳ್ಳೆಯದು ಅಂತ ನನ್ನ ಲೆಕ್ಕ.

ಇನ್ನು ಕೋಡ್ ಮಾಡುವುದು. ನಿಮ್ಮ ಫೋನನ್ನು ಗೆಸ್ಟ್ ನೆಟ್‌ವರ್ಕಿಗೆ ಸೇರಿಸಿ, ಆಂಡ್ರಾಯ್ಡ್‌ನಲ್ಲಿ ಅದೇ `Share` ಒತ್ತಿದರೆ ಕೋಡ್ ಸಿದ್ಧ. ಐಫೋನಿನಲ್ಲಿ ಐಒಎಸ್ 18ರಿಂದ `Passwords` ಆಪ್‌ನಲ್ಲಿ ಸಿಗುತ್ತದೆ. ವೈಫೈ ಭಾಗಕ್ಕೆ ಹೋಗಿ ನೆಟ್‌ವರ್ಕ್ ಆರಿಸಿದರೆ ಕ್ಯೂಆರ್ ತೋರಿಸುವ ಗುಂಡಿ ಇದೆ. ಪದೇ ಪದೇ ಜನ ಬರುವ ಮನೆಯಾದರೆ ಮುದ್ರಿಸಿ ಇಟ್ಟುಕೊಳ್ಳಬಹುದು. ಕಂಪ್ಯೂಟರ್ ಬಳಸುವವರಿಗೆ `qrencode` ಅನ್ನುವ ಪುಟ್ಟ ಉಚಿತ ಪ್ರೋಗ್ರಾಂ ಇದೆ:

```
qrencode -s 10 -o athithi.png 'WIFI:T:WPA;S:Mane-Athithi;P:mavinamara27;;'
```

ಕ್ಯೂಆರ್ ಮಾಡಿಕೊಡುವ ವೆಬ್‌ಸೈಟುಗಳು ಬೇಕಾದಷ್ಟಿವೆ. ಅತಿಥಿಗೂ ಹೇಳಬಾರದು ಅಂದುಕೊಂಡ ಪಾಸ್‌ವರ್ಡನ್ನು ಯಾವುದೋ ಗುರುತಿಲ್ಲದ ಸೈಟಿಗೆ ಟೈಪ್ ಮಾಡುವುದರಲ್ಲಿ ಏನರ್ಥವೋ ನನಗಂತೂ ತಿಳಿಯುವುದಿಲ್ಲ.

ಕೋಡನ್ನು ಕೈಯಾರೆ ಬರೆಯುವವರು ಒಂದು ಕಡೆ ಎಡವುತ್ತಾರೆ. ಪಾಸ್‌ವರ್ಡ್ ಗಟ್ಟಿಯಾಗಿರಲಿ ಅಂತ ಚಿಹ್ನೆಗಳನ್ನು ಸೇರಿಸಿರುತ್ತಾರೆ, ಉದಾಹರಣೆಗೆ `hasiru;ele27`. ಅದನ್ನು ಹಾಗೇ ಕೋಡಿಗೆ ಹಾಕಿದರೆ, ಫೋನ್ ನಡುವಿನ `;` ಕಂಡ ಕೂಡಲೇ ಪಾಸ್‌ವರ್ಡ್ ಇಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತದೆ. ಅದರ ಕೈಗೆ ಸಿಕ್ಕಿದ್ದು ಬರೀ `hasiru`, ಆರು ಅಕ್ಷರ. WPA ಪಾಸ್‌ವರ್ಡ್‌ಗೆ ಕನಿಷ್ಠ 8 ಅಕ್ಷರ ಬೇಕು. ಹಾಗಾಗಿ ಫೋನ್ ಸೇರುವುದೇ ಇಲ್ಲ. ಕೈಯಲ್ಲಿ ಟೈಪ್ ಮಾಡಿದರೆ ಸೇರುತ್ತದೆ, ಸ್ಕ್ಯಾನ್ ಮಾಡಿದರೆ ಮಾತ್ರ ಇಲ್ಲ ಅಂದರೆ ಹೆಚ್ಚಾಗಿ ಇದೇ ಕಾರಣ. ಮದ್ದು ಸುಲಭ. ಹೆಸರಿನಲ್ಲಾಗಲಿ ಪಾಸ್‌ವರ್ಡ್‌ನಲ್ಲಾಗಲಿ `;` `,` `:` `"` ಅಥವಾ `\` ಬಂದರೆ ಅದಕ್ಕಿಂತ ಮೊದಲು ಒಂದು `\` ಹಾಕಬೇಕು:

```
WIFI:T:WPA;S:Mane-Athithi;P:hasiru\;ele27;;
```

ಫೋನೇ ಮಾಡಿದ ಕೋಡಿನಲ್ಲಿ ಇದನ್ನು ಅದೇ ನೋಡಿಕೊಳ್ಳುತ್ತದೆ. ಅದಕ್ಕಿಂತ ಒಳ್ಳೆಯದು, ಅತಿಥಿ ಪಾಸ್‌ವರ್ಡ್‌ನಲ್ಲಿ ಚಿಹ್ನೆಗಳೇ ಇಲ್ಲದಿರುವುದು. ಲ್ಯಾಪ್‌ಟಾಪ್ ತಂದವರಿಗೆ ಸ್ಕ್ಯಾನ್ ಮಾಡುವುದು ಕಷ್ಟ, ಬಾಯಲ್ಲೇ ಹೇಳಬೇಕಾಗುತ್ತದೆ. ಚಿಹ್ನೆಗಳ ಬದಲು ಉದ್ದ ಜಾಸ್ತಿ ಮಾಡಿ. ಸಂಬಂಧವಿಲ್ಲದ ನಾಲ್ಕು ಪದ ಸೇರಿಸಿದರೆ ಹೇಳಲೂ ಸುಲಭ, ಊಹಿಸಲೂ ಕಷ್ಟ. 63 ಅಕ್ಷರದವರೆಗೆ ಜಾಗ ಇದೆ.

ಕೊನೆಗೆ ಎಲ್ಲರೂ ಕೇಳುವ ಉಪಪ್ರಶ್ನೆ: ಒಬ್ಬರಿಗೆ ಕೊಟ್ಟದ್ದನ್ನು ವಾಪಸ್ ತೆಗೆದುಕೊಳ್ಳಬಹುದೇ? ಒಬ್ಬರಿಗೆ ಮಾತ್ರ ಅಂದರೆ ಕಷ್ಟ. ಎಲ್ಲ ಅತಿಥಿಗಳಿಗೂ ಇರುವುದು ಅದೇ ಒಂದು ಪಾಸ್‌ವರ್ಡ್. ರೂಟರ್‌ನಲ್ಲಿ ಅವರ ಫೋನನ್ನು ಬ್ಲಾಕ್ ಮಾಡಬಹುದು. ಆದರೆ ಈಗಿನ ಫೋನುಗಳು ನೆಟ್‌ವರ್ಕಿಗೆ ತೋರಿಸುವ ಗುರುತಿನ ಸಂಖ್ಯೆಯನ್ನು ತಾವೇ ಬದಲಿಸಿಕೊಳ್ಳಬಲ್ಲವು. ಹಾಗಾಗಿ ಬ್ಲಾಕ್ ಮಾಡಿದ್ದು ಎಷ್ಟು ದಿನ ನಿಲ್ಲುತ್ತದೋ ಹೇಳಲಾಗದು. ಗೆಸ್ಟ್ ಪಾಸ್‌ವರ್ಡನ್ನೇ ಬದಲಿಸುವುದು ನೇರ ದಾರಿ. ಬದಲಿಸಿದ ಗಳಿಗೆಯಿಂದ ಹಳೆಯ ಕೋಡ್, ಅದರ ಫೋಟೋ, ಯಾರದೋ ಫೋನಿನಲ್ಲಿ ಉಳಿದಿದ್ದ ಪಾಸ್‌ವರ್ಡ್ ಎಲ್ಲವೂ ಕೆಲಸಕ್ಕೆ ಬಾರದವು. ನಿಮ್ಮ ಟಿವಿ, ಕ್ಯಾಮೆರಾ, ಪ್ರಿಂಟರ್ ಯಾವುದನ್ನೂ ಮತ್ತೆ ಸೇರಿಸುವ ರಗಳೆ ಇಲ್ಲ, ಅವು ಇರುವುದು ಬೇರೆ ನೆಟ್‌ವರ್ಕಿನಲ್ಲಿ. ಹೊಸ ಕೋಡ್ ಮುದ್ರಿಸಿ ಹಳೆಯದರ ಮೇಲೆ ಅಂಟಿಸಿದರೆ ಆಯಿತು. ಅಂಟಿಸುವ ಮುಂಚೆ ನಿಮ್ಮ ಫೋನಿನಲ್ಲಿ ಆ ನೆಟ್‌ವರ್ಕನ್ನು `Forget` ಮಾಡಿ ಒಮ್ಮೆ ಸ್ಕ್ಯಾನ್ ಮಾಡಿ ನೋಡಿ. ಫೋನ್ ಮೊದಲೇ ನೆಟ್‌ವರ್ಕಿಗೆ ಸೇರಿದ್ದರೆ ಕೋಡ್ ತಪ್ಪಿದ್ದರೂ ನಿಮಗೆ ಗೊತ್ತಾಗುವುದಿಲ್ಲ.