ಸಂಜೆ ಏಳಕ್ಕೆ ಒಬ್ಬಳು ಹುಡುಗಿ

ಕೆಎಎಸ್ ಪ್ರಿಲಿಮ್ಸ್‌ಗೆ ಓದುತ್ತಿದ್ದ ಕಾಲ. ವಿಜಯನಗರದ ಬಾಡಿಗೆ ಕೋಣೆಯ ಗೋಡೆಗೆ ನಾನೇ ಬರೆದು ಅಂಟಿಸಿಕೊಂಡ ಟೈಮ್ ಟೇಬಲ್ ಇತ್ತು. ಅದರಲ್ಲಿ ಸಂಜೆ 7ರಿಂದ 7.30ರವರೆಗೆ 'ಪಾಠ' ಅಂತ ಒಂದು ಸಾಲು. ಓದುವುದಲ್ಲ, ಹೇಳಿಕೊಡುವುದು. ಎದುರಿನ ಚಾಪೆಯ ಮೇಲೆ ಏಳನೇ ಕ್ಲಾಸಿನ ಒಬ್ಬಳು ಹುಡುಗಿ ಕೂತಿದ್ದಾಳೆ ಅಂತ ಅಂದುಕೊಂಡು, ಪುಸ್ತಕ ಮುಚ್ಚಿ, ಜೋರಾಗಿ ಹೇಳಬೇಕು.

ಮೊದಲು ಓದಿದ ತಕ್ಷಣವೇ ಪಾಠ ಮಾಡುತ್ತಿದ್ದೆ. ಎಲ್ಲ ಸರಾಗವಾಗಿ ಬರುತ್ತಿತ್ತು, ಖುಷಿಯೂ ಆಗುತ್ತಿತ್ತು. ಆದರೆ ಅದು ನೆನಪಲ್ಲ. ಪುಸ್ತಕದ ವಾಕ್ಯಗಳು ಇನ್ನೂ ಕಿವಿಯಲ್ಲೇ ಇದ್ದವು, ಅಷ್ಟೇ. ಆಮೇಲೆ ಇವತ್ತು ಓದಿದ್ದನ್ನು ನಾಳೆ ಸಂಜೆಗೆ ಇಟ್ಟುಕೊಂಡೆ. ನಡುವೆ ಒಂದು ರಾತ್ರಿ ಕಳೆದಿರಬೇಕು. ಅಷ್ಟು ಹೊತ್ತಿಗೆ ಮರೆಯುವುದೆಲ್ಲ ಮರೆತಿರುತ್ತದೆ. ಆಗ ಹೇಳಲು ಕೂತರೆ ಎಲ್ಲೆಲ್ಲಿ ತೂತು ಇದೆ ಅಂತ ಕಾಣುತ್ತದೆ.

ಒಂದು ಬುಧವಾರದ ವಿಷಯ: ಸಾಮಾನ್ಯ ಮಸೂದೆಯ ಬಗ್ಗೆ ಎರಡು ಸದನಗಳಿಗೆ ಒಮ್ಮತ ಬರದಿದ್ದರೆ ಏನಾಗುತ್ತದೆ? ಚೀಟಿಯಲ್ಲಿ ತಲೆಬರಹ ಮಾತ್ರ ಬರೆದುಕೊಂಡೆ. ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ಶುರು ಮಾಡಿದೆ. 'ನೋಡು ಪುಟ್ಟಿ, ಲೋಕಸಭೆ ಒಪ್ಪಿದ ಮಸೂದೆಯನ್ನು ರಾಜ್ಯಸಭೆ ತಿರಸ್ಕರಿಸಬಹುದು. ತಿದ್ದುಪಡಿ ವಿಷಯದಲ್ಲಿ ಇಬ್ಬರಿಗೂ ಹೊಂದಾಣಿಕೆ ಆಗದೆ ಇರಬಹುದು. ಇಲ್ಲಾಂದ್ರೆ ಆರು ತಿಂಗಳು ದಾಟಿದರೂ ಮುಗಿಸದೆ ಇಟ್ಟುಕೊಳ್ಳಬಹುದು. ಆಗ ರಾಷ್ಟ್ರಪತಿಗಳು ಎರಡೂ ಸದನಗಳನ್ನು ಒಟ್ಟಿಗೆ ಕರೆಯಬಹುದು. 108ನೇ ವಿಧಿ. ಲೋಕಸಭೆಯ ಸ್ಪೀಕರ್ ಅಧ್ಯಕ್ಷತೆ ವಹಿಸುತ್ತಾರೆ.' ಇಲ್ಲಿಯವರೆಗೆ ತಡವರಿಸಲಿಲ್ಲ. 1961ರಲ್ಲಿ ವರದಕ್ಷಿಣೆ ನಿಷೇಧ ಮಸೂದೆಗೆ ಹೀಗೇ ಸೇರಿದ್ದರು ಅಂತ ಉದಾಹರಣೆಯನ್ನೂ ಕೊಟ್ಟೆ.

ಆಮೇಲೆ ಆ ಹುಡುಗಿಯ ಬಾಯಲ್ಲಿ ಒಂದು ಪ್ರಶ್ನೆ ಇಟ್ಟೆ. ಪ್ರತಿ ಪಾಠದಲ್ಲೂ ಎರಡು ಪ್ರಶ್ನೆ ಕೇಳಿಸಲೇಬೇಕು ಅನ್ನುವುದು ನಾನು ಹಾಕಿಕೊಂಡ ನಿಯಮ. ಒಂದು 'ಯಾಕೆ', ಇನ್ನೊಂದು 'ನಮ್ಮಲ್ಲಿ ಹೇಗೆ'. ಅವಳು ಸುಮ್ನೆ ತಲೆಯಾಡಿಸುತ್ತಾ ಕೂತರೆ ನಾನು ಪಾಠ ಒಪ್ಪಿಸುತ್ತಿದ್ದೇನೆ ಅಂತಲೇ ಅರ್ಥ.

'ಸರ್, ನಮ್ಮ ಕರ್ನಾಟಕದಲ್ಲೂ ಎರಡು ಸದನ ಇದೆಯಲ್ವಾ? ವಿಧಾನ ಪರಿಷತ್ತು ಬೇಡ ಅಂದರೆ?'

'ಇಲ್ಲೂ ಅಷ್ಟೇ, ರಾಜ್ಯಪಾಲರು ಜಂಟಿ ಅಧಿವೇಶನ ಕರೆಯುತ್ತಾರೆ' ಅಂದೆ, ಒಂದು ಚೂರೂ ಅನುಮಾನ ಇಲ್ಲದೆ. 'ಎಷ್ಟು ತಿಂಗಳು ಕಾದ ಮೇಲೆ ಸರ್?' ಅಲ್ಲಿ ನಿಂತುಹೋದೆ. ಆರು ಅನ್ನಲು ಬಾಯಿ ಬರಲಿಲ್ಲ. ಚೀಟಿಯಲ್ಲಿ ಒಂದು ಗೆರೆ ಎಳೆದು ಮುಂದೆ ಹೋದೆ. ನಡುವೆ ಪುಸ್ತಕ ತೆರೆಯುವ ಹಾಗಿಲ್ಲ. ತೆರೆದರೆ ಉಳಿದ ಪಾಠವೂ ಪುಸ್ತಕದ್ದೇ ಆಗಿಬಿಡುತ್ತದೆ.

ಹನ್ನೆರಡು ನಿಮಿಷಕ್ಕೆ ಪಾಠ ಮುಗಿಯಿತು. ಗೆರೆ ಎಳೆದ ಜಾಗಕ್ಕೆ ಮಾತ್ರ ಪುಸ್ತಕ ತೆರೆದೆ. 197ನೇ ವಿಧಿ. ರಾಜ್ಯದಲ್ಲಿ ಮಸೂದೆಗೋಸ್ಕರ ಜಂಟಿ ಅಧಿವೇಶನವೇ ಇಲ್ಲ! ಪರಿಷತ್ತು ಮೊದಲ ಸಲ ಮೂರು ತಿಂಗಳು ತಡೆಹಿಡಿಯಬಹುದು. ವಿಧಾನಸಭೆ ಮತ್ತೆ ಒಪ್ಪಿ ಕಳಿಸಿದರೆ ಇನ್ನೊಂದು ತಿಂಗಳು. ಅಷ್ಟಾದ ಮೇಲೂ ಪರಿಷತ್ತು ಒಪ್ಪದಿದ್ದರೆ, ವಿಧಾನಸಭೆ ಒಪ್ಪಿದ ರೂಪದಲ್ಲೇ ಮಸೂದೆ ಎರಡೂ ಸದನಗಳಲ್ಲಿ ಪಾಸಾದ ಹಾಗೆ. ಅಂದರೆ ಪರಿಷತ್ತಿಗೆ ತಡ ಮಾಡುವ ಶಕ್ತಿ ಇದೆ, ತಡೆದು ನಿಲ್ಲಿಸುವ ಶಕ್ತಿ ಇಲ್ಲ.

ತಪ್ಪು ಎಲ್ಲಿಂದ ಬಂತು ಅಂತ ಯೋಚಿಸಿದೆ. ವರ್ಷದ ಮೊದಲ ಅಧಿವೇಶನದಲ್ಲಿ ರಾಜ್ಯಪಾಲರು ಎರಡೂ ಸದನಗಳನ್ನು ಉದ್ದೇಶಿಸಿ ಭಾಷಣ ಮಾಡುತ್ತಾರೆ. ಟೀವಿಯವರು ಅದನ್ನೂ 'ಜಂಟಿ ಅಧಿವೇಶನ' ಅನ್ನುತ್ತಾರೆ. ಅದು 176ನೇ ವಿಧಿಯ ಭಾಷಣ, ಅಲ್ಲಿ ಮತಕ್ಕೆ ಹಾಕುವುದು ಏನೂ ಇಲ್ಲ. ಒಂದೇ ಹೆಸರು ಇದ್ದದ್ದರಿಂದ ನನ್ನ ತಲೆಯಲ್ಲಿ ಎರಡೂ ಒಂದೇ ಆಗಿಬಿಟ್ಟಿದ್ದವು. ಈ ಅಧ್ಯಾಯವನ್ನು ನಾಲ್ಕು ಸಲ ಓದಿದ್ದೆ, ಗೆರೆಯನ್ನೂ ಎಳೆದಿದ್ದೆ. ಆದರೂ ಕಂಡಿರಲಿಲ್ಲ.

ಅವತ್ತು ಗೆರೆ ಬಿದ್ದದ್ದು ನಾನು ನಿಂತುಹೋದದ್ದಕ್ಕೆ. ತಿಂಗಳ ಲೆಕ್ಕ ಕೇಳಿಸದೆ ಹೋಗಿದ್ದರೆ ಆ ತಪ್ಪನ್ನೇ ಗಟ್ಟಿ ಮಾಡಿಕೊಂಡು ಏಳುತ್ತಿದ್ದೆ. ಇದು ಈ ಪದ್ಧತಿಯ ದೊಡ್ಡ ಅಪಾಯ. ಹುಡುಗಿಗೆ ನನಗಿಂತ ಜಾಸ್ತಿ ಗೊತ್ತಿಲ್ಲ. ಹಾಗಾಗಿ ಆಮೇಲೆ ರೆಕಾರ್ಡಿಂಗ್ ಕೇಳುತ್ತಾ, ತಡವರಿಸದೆ ಹೇಳಿದ್ದನ್ನೂ ಪುಸ್ತಕದ ಜೊತೆ ಹೋಲಿಸಿ ನೋಡಲು ಶುರು ಮಾಡಿದೆ. ಅದಕ್ಕೆ ಇನ್ನೂ ಹತ್ತು ನಿಮಿಷ ಬೇಕು. ಅದಕ್ಕೇ ದಿನಕ್ಕೆ ಒಂದೇ ವಿಷಯ. ವಿಧಿ ಸಂಖ್ಯೆ, ಇಸವಿಗಳ ಪಟ್ಟಿಯನ್ನು ಈ ಅರ್ಧ ಗಂಟೆಗೆ ತರುತ್ತಿರಲಿಲ್ಲ. ಅವನ್ನು ಬೇರೆ ಹೊತ್ತಿನಲ್ಲಿ ಚೀಟಿ ಮಾಡಿ ಉರುಹೊಡೆಯುತ್ತಿದ್ದೆ.

ಆ ಬುಧವಾರದ ಚೀಟಿಯನ್ನು ಶನಿವಾರದ ಕಾಲಂಗೆ ಪಿನ್ ಮಾಡಿದೆ. ಶನಿವಾರ ಇಡೀ ಪಾಠ ಬೇಡ, ಗೆರೆ ಬಿದ್ದ ಭಾಗ ಮಾತ್ರ. ಏಳು ಗಂಟೆಗೆ ಕೂತೆ. 'ಪುಟ್ಟಿ, ಮೊನ್ನೆ ನಿನಗೆ ತಪ್ಪು ಹೇಳಿದ್ದೆ' ಅಂತಲೇ ಶುರು ಮಾಡಿದೆ.