ಮಳೆಗಾಲದ ರೀಡಿಂಗ್‌ನಲ್ಲಿ ಅಡಗಿದ್ದ 55 ಮಿಲಿವೋಲ್ಟ್

ಜೆಟ್ಟಿಯ ಸ್ಟೀಲ್ ಪೈಲ್‌ಗಳ ಸಿಪಿ, ಅಂದರೆ ತುಕ್ಕು ತಡೆಯುವ ಕ್ಯಾಥೋಡಿಕ್ ಪ್ರೊಟೆಕ್ಷನ್ ಸಾಕಷ್ಟಿದೆಯಾ ಅಂತ ರೀಡಿಂಗ್ ತೆಗೆಯುವುದು ನನ್ನ ಕೆಲಸ. ಮಂಗಳೂರಿನಲ್ಲಿ ಗುರುಪುರ ನದಿ ಸಮುದ್ರ ಸೇರುವ ಕಡೆ ಇರುವ ಒಂದು ಜೆಟ್ಟಿಯ ಜುಲೈ ರಿಪೋರ್ಟ್ ನೆನಪಾದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಷೀಟ್ ಪೂರ್ತಿ ಹಸಿರು ತೋರಿಸುತ್ತಿತ್ತು, ನೀರಿನ ಅಡಿಯಲ್ಲಿ ಸ್ಟೀಲ್‌ಗೆ ಮಾತ್ರ ರಕ್ಷಣೆ ಸಾಕಾಗುತ್ತಿರಲಿಲ್ಲ.

ನಮ್ಮ ರೂಲ್ ಸರಳ. ಸಿಲ್ವರ್ ಕ್ಲೋರೈಡ್ ರೆಫರೆನ್ಸ್ ಎಲೆಕ್ಟ್ರೋಡನ್ನು ನೀರಿಗೆ ಇಳಿಸಿ, ಮೀಟರಿನ ಇನ್ನೊಂದು ತುದಿಯನ್ನು ಪೈಲ್‌ಗೆ ಹಿಡಿದಾಗ −800 ಮಿಲಿವೋಲ್ಟ್ ಅಥವಾ ಅದಕ್ಕಿಂತ ಜಾಸ್ತಿ ನೆಗೆಟಿವ್ ಬಂದರೆ ಪಾಸ್. ಆ ದಿನ ನೀರಿನ ಮೇಲ್ಭಾಗದಲ್ಲಿ −822 ಬಂತು. ಜೋರು ಮಳೆ, ಇಳಿತದ ಹೊತ್ತು, ಕ್ಲೈಂಟ್ ಕಡೆಯ ಇಂಜಿನಿಯರ್ ಕೊಡೆ ಹಿಡಿದು ಕಾಯುತ್ತಿದ್ದರು. ನಮ್ಮ ಸೀನಿಯರ್ ಸರ್ ಆಗಲೇ ಪೆನ್ ತೆಗೆದಿದ್ದರು.

ಕೇಬಲ್ ಹಿಡಿದಿದ್ದ ಹುಡುಗ ರೆಫರೆನ್ಸನ್ನು ಸುಮ್ನೆ ತಳದವರೆಗೂ ಬಿಟ್ಟ. ಅಂಕಿ ಇಳಿಯತೊಡಗಿತು. −822, −810, −795. ಐದಾರು ನಿಮಿಷ ಯಾರೂ ಮಾತಾಡಲಿಲ್ಲ. ಕೊನೆಗೆ −779ಕ್ಕೆ ಬಂದು ನಿಂತಿತು.

"ಎಂತ ಮಾರಾಯ, ವಯರ್ ಲೂಸಾ?" ಅಂದರು ಸರ್.

"ವಯರ್ ಸರಿ ಉಂಟು ಸರ್. ಇದು ತಲೆಕೆಳಗಾಗಿ ಬರ್ತಾ ಉಂಟು" ಅಂದೆ.

ಆ ಪೈಲ್‌ಗಳಿಗೆ ಆನೋಡ್, ಅಂದರೆ ಸ್ಟೀಲ್ ಬದಲು ತಾನೇ ಕರಗಿ ಅದನ್ನು ಕಾಯುವ ಲೋಹದ ತುಂಡು, ಬೆಸುಗೆ ಹಾಕಿರುವುದು ತಳದ ಕಡೆ. ಆನೋಡ್‌ಗೆ ಹತ್ತಿರ ಹೋದಷ್ಟೂ ರೀಡಿಂಗ್ ಜಾಸ್ತಿ ನೆಗೆಟಿವ್ ಆಗಬೇಕಲ್ವಾ? ಇಲ್ಲಿ ಕಡಿಮೆ ಆಗುತ್ತಿದೆ. ಅಂದರೆ ಬದಲಾಗುತ್ತಿರುವುದು ಸ್ಟೀಲ್ ಅಲ್ಲ, ನಾವು ಯಾವುದನ್ನು ಅಳತೆಗೋಲು ಅಂದುಕೊಂಡಿದ್ದೇವೋ ಅದೇ. ತೂಕದ ಕಲ್ಲೇ ಹಗುರಾದರೆ ತಕ್ಕಡಿ ಏನು ಹೇಳಿದರೂ ಅಷ್ಟೇ.

ಮೀಟರ್ ತೋರಿಸುವುದು ಯಾವಾಗಲೂ ಎರಡು ಅರ್ಧ ಕೋಶಗಳ ನಡುವಿನ ವ್ಯತ್ಯಾಸವನ್ನು. ಒಂದು ಕಡೆ ಸ್ಟೀಲ್, ಇನ್ನೊಂದು ಕಡೆ ನಮ್ಮ ರೆಫರೆನ್ಸ್. ನಾವು ಬಳಸುವುದು ತೆರೆದ ರೆಫರೆನ್ಸ್, ಅಂದರೆ ಬೆಳ್ಳಿ ತಂತಿಯ ಮೇಲೆ ಸಿಲ್ವರ್ ಕ್ಲೋರೈಡ್ ಲೇಪ, ಅದು ನೇರವಾಗಿ ಹೊರಗಿನ ನೀರಿಗೇ ತಾಗುತ್ತದೆ. ಅಲ್ಲಿ ನಡೆಯುವ ಕ್ರಿಯೆ ಇದು:

AgCl + e⁻ → Ag + Cl⁻

ಘನ ಬೆಳ್ಳಿ, ಘನ ಸಿಲ್ವರ್ ಕ್ಲೋರೈಡ್ ಎರಡೂ ಲೆಕ್ಕಕ್ಕೆ ಬರುವುದಿಲ್ಲ. ಉಳಿಯುವುದು ಕ್ಲೋರೈಡ್ ಒಂದೇ, ಅದೂ ಉತ್ಪನ್ನದ ಕಡೆ. ನೀರಿನಲ್ಲಿ ಕ್ಲೋರೈಡ್ ಕಡಿಮೆ ಇದ್ದರೆ ಈ ಕ್ರಿಯೆ ಮುಂದೆ ಹೋಗಲು ಹೆಚ್ಚು ತವಕ ತೋರಿಸುತ್ತದೆ. ಮುಕ್ತ ಶಕ್ತಿಯ ಭಾಷೆಯಲ್ಲಿ ಅದು ΔG = ΔG° + RT ln Q, ಇಲ್ಲಿ Q ಅಂದರೆ ಕ್ಲೋರೈಡ್‌ನ ಸಾಂದ್ರತೆಯೇ. ಕ್ಲೋರೈಡ್ ಹತ್ತನೇ ಒಂದು ಭಾಗಕ್ಕೆ ಇಳಿದರೆ 25 ಡಿಗ್ರಿಯಲ್ಲಿ ΔG ಸುಮಾರು 5.7 ಕಿಲೋಜೂಲ್ ಇನ್ನಷ್ಟು ನೆಗೆಟಿವ್ ಆಗುತ್ತದೆ, ಒಂದು ಮೋಲ್ ಎಲೆಕ್ಟ್ರಾನ್‌ಗೆ. ಇನ್ನು ΔG = −nFE ಅಲ್ವಾ, ಆ 5,700 ಜೂಲ್ ಅನ್ನು ಫ್ಯಾರಡೆಯ 96,485ರಿಂದ ಭಾಗಿಸಿ. 0.059 ವೋಲ್ಟ್ ಬಂತು. ಪಿಯುಸಿಯಲ್ಲಿ ಬಾಯಿಪಾಠ ಮಾಡಿದ ನೆರ್ನ್‌ಸ್ಟ್ ಸಮೀಕರಣದ 0.059 ಇದೇ. ಬೇರೆ ಎಲ್ಲಿಂದಲೋ ಬಂದ ಸಂಖ್ಯೆ ಅಲ್ಲ, ಅದು ಶಕ್ತಿಯ ಲೆಕ್ಕವನ್ನೇ ವೋಲ್ಟ್‌ನಲ್ಲಿ ಬರೆದದ್ದು.

ಈಗ ನಮ್ಮ ಜೆಟ್ಟಿಗೆ ಬನ್ನಿ. ಪೂರ್ತಿ ಉಪ್ಪಿನ ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 0.55 ಮೋಲ್ ಕ್ಲೋರೈಡ್ ಇರುತ್ತದೆ, ಆಗ ಈ ರೆಫರೆನ್ಸ್ ಹೈಡ್ರೋಜನ್ ಮಾನದಂಡದ ಮೇಲೆ +0.25 ವೋಲ್ಟ್‌ನಲ್ಲಿ ಕೂರುತ್ತದೆ. −800 ಅನ್ನುವ ರೂಲ್ ಹುಟ್ಟಿದ್ದು ಆ ನೀರಿಗೆ. ಮಳೆಗಾಲದಲ್ಲಿ ನದಿಯ ಸಿಹಿನೀರು ಹಗುರ, ಮೇಲೆ ಹರಿಯುತ್ತದೆ. ಉಪ್ಪುನೀರು ಭಾರ, ಬೆಣೆಯಂತೆ ತಳದಲ್ಲಿ ನುಗ್ಗಿರುತ್ತದೆ. ಆ ದಿನ ಮೇಲಿನ ನೀರಿನ ಕ್ಲೋರೈಡ್ ಹೆಚ್ಚು ಕಡಿಮೆ ಹತ್ತನೇ ಒಂದು ಭಾಗ. ಲೆಕ್ಕದಲ್ಲಿ ರೆಫರೆನ್ಸ್ 59 ಮಿಲಿವೋಲ್ಟ್ ಏರಬೇಕು, ನಿಜವಾಗಿ ಏರುವುದು 55ರ ಹತ್ತಿರ. ಯಾಕಂದರೆ ದಟ್ಟ ಉಪ್ಪುನೀರಿನಲ್ಲಿ ಅಯಾನುಗಳು ಒಂದನ್ನೊಂದು ಹಿಡಿದಿಟ್ಟುಕೊಳ್ಳುತ್ತವೆ, ಅವುಗಳ ಪ್ರಭಾವ ಅವುಗಳ ಸಂಖ್ಯೆಯಷ್ಟು ಇರುವುದಿಲ್ಲ. ಅಂತೂ ರೆಫರೆನ್ಸ್ 55 ಮೇಲೆ ಹೋದರೆ ಸ್ಟೀಲ್ ಇದ್ದಲ್ಲೇ ಇದ್ದರೂ 55 ಕೆಳಗೆ ಕಾಣುತ್ತದೆ. −822 ಅಂದದ್ದು ನಿಜಕ್ಕೆ −767. ಫೇಲ್.

ಸರ್ ಒಪ್ಪಲಿಲ್ಲ. "ಬುಕ್ಕಿನ ಲೆಕ್ಕ ಬೇಡ, ಕಣ್ಣಿಗೆ ತೋರಿಸು" ಅಂದರು. ನ್ಯಾಯವಾದ ಮಾತೇ. ಮೇಲಿನ ನೀರು ಒಂದು ಬಾಟಲಿ, ತಳದ ನೀರು ಒಂದು ಬಾಟಲಿ ತುಂಬಿಕೊಂಡು ಲ್ಯಾಬಿಗೆ ಬಂದೆವು.

ಕಿಟ್‌ನಲ್ಲಿದ್ದ ಎರಡು ರೆಫರೆನ್ಸ್‌ಗಳನ್ನು ಮೊದಲು ಒಂದೇ ಬೀಕರಿನಲ್ಲಿ ನೆನೆಹಾಕಿದೆ. ವ್ಯತ್ಯಾಸ 1 ಮಿಲಿವೋಲ್ಟ್, ಅಂದರೆ ಎರಡೂ ಆರೋಗ್ಯವಾಗಿವೆ. ಈ ಹೆಜ್ಜೆ ಬಿಟ್ಟರೆ ಮುಂದಿನದ್ದಕ್ಕೆ ಅರ್ಥವಿಲ್ಲ. ಆಮೇಲೆ ಒಂದನ್ನು ಮೇಲಿನ ನೀರಿನ ಬೀಕರಿಗೆ, ಇನ್ನೊಂದನ್ನು ತಳದ ನೀರಿನ ಬೀಕರಿಗೆ ಹಾಕಿ, ಪೊಟ್ಯಾಶಿಯಂ ನೈಟ್ರೇಟ್‌ನಲ್ಲಿ ಅದ್ದಿದ ಫಿಲ್ಟರ್ ಪೇಪರಿನ ಪಟ್ಟಿಯಿಂದ ಎರಡನ್ನೂ ಜೋಡಿಸಿದೆ. ಮೀಟರ್ 53ಕ್ಕೆ ನಿಂತಿತು, ಸಿಹಿನೀರಿನ ಕಡೆ ಪಾಸಿಟಿವ್.

ನನಗೆ ಇಷ್ಟವಾಗುವುದು ಇಲ್ಲಿಯ ಚೊಕ್ಕತನ. ಎರಡೂ ಕಡೆ ಒಂದೇ ಲೋಹ, ಒಂದೇ ಕ್ರಿಯೆ, ಹಾಗಾಗಿ E° ಸೊನ್ನೆ, ΔG° ಸೊನ್ನೆ. ಆದರೂ 53 ಮಿಲಿವೋಲ್ಟ್ ಬಂದಿದೆ, ಅದು ಪೂರ್ತಿಯಾಗಿ ಸಾಂದ್ರತೆಯ ವ್ಯತ್ಯಾಸದ್ದು. ಸಿಹಿನೀರಿನ ಬೀಕರಿಗೆ ಲ್ಯಾಬಿನ ಸೋಡಿಯಂ ಕ್ಲೋರೈಡ್ ಚಿಟಿಕೆ ಚಿಟಿಕೆಯಾಗಿ ಹಾಕಿ ಕಲಕುತ್ತಾ ಹೋದೆ. 28, 16, 8. ಮೊದಲ ಚಿಟಿಕೆಗಳಿಗೆ ದೊಡ್ಡ ಜಿಗಿತ, ಆಮೇಲೆ ಚಿಕ್ಕದು, ಯಾಕಂದರೆ ಇದು ಲಾಗ್. ಕೊನೆಗೆ ಸೊನ್ನೆ. ಅಲ್ಲಿಗೆ ΔG ಕೂಡ ಸೊನ್ನೆ, ಆ ಕೋಶದಿಂದ ಇನ್ನು ಯಾವ ಕೆಲಸವೂ ಸಿಗುವುದಿಲ್ಲ. ಇನ್ನೊಂದು ಚಿಟಿಕೆ ಹಾಕಿದೆ, ಚಿಹ್ನೆ ತಿರುಗಿ ಮೈನಸ್ ಬಂತು. ಸರ್ ಕುರ್ಚಿ ಎಳೆದು ಹತ್ತಿರ ಕೂತರು. ರಿಪೋರ್ಟ್ ಬದಲಾಯಿತು.

ಒಂದು ಮಿತಿ ಹೇಳಲೇಬೇಕು. ಈ ಲೆಕ್ಕ ಕೂರುವುದು ರೆಫರೆನ್ಸ್ ಕಡೆಗೆ ಮಾತ್ರ. ಸ್ಟೀಲ್‌ನ ವೋಲ್ಟೇಜನ್ನು ನೆರ್ನ್‌ಸ್ಟ್‌ನಿಂದ ತೆಗೆಯಲು ಹೋಗಬೇಡಿ. ಅಲ್ಲಿ ಕಬ್ಬಿಣ ಕರಗುವುದು, ಆಮ್ಲಜನಕ ಖರ್ಚಾಗುವುದು ಎರಡೂ ಒಟ್ಟಿಗೆ ನಡೆಯುತ್ತಿರುತ್ತವೆ, ಸಮತೋಲನ ಅನ್ನುವುದೇ ಇಲ್ಲ.

ಭಯ ಹುಟ್ಟಿಸುವ ಭಾಗ ಬೇರೆಯೇ ಇದೆ. ಸಿಹಿನೀರು ಕರೆಂಟ್ ಸರಿಯಾಗಿ ಹಾಯಿಸುವುದಿಲ್ಲ, ಹಾಗಾಗಿ ಮಳೆಗಾಲದಲ್ಲಿ ಆನೋಡ್‌ನಿಂದ ಪೈಲ್‌ಗೆ ಸಿಗುವ ರಕ್ಷಣೆ ನಿಜವಾಗಿಯೂ ಕಡಿಮೆಯಾಗುತ್ತದೆ. ಅದೇ ಹೊತ್ತಿಗೆ, ಅದೇ ಕಾರಣಕ್ಕೆ, ತೆರೆದ ರೆಫರೆನ್ಸ್ ಎಲ್ಲ ಚೆನ್ನಾಗಿದೆ ಅನ್ನುವ ಕಡೆಗೆ ವಾಲುತ್ತದೆ.

ಈಗ ನದಿ ಬಾಯಿಯ ಕೆಲಸಕ್ಕೆ ನಾನು ಒಯ್ಯುವುದು ಒಳಗೆ ಸ್ಯಾಚುರೇಟೆಡ್ ಪೊಟ್ಯಾಶಿಯಂ ಕ್ಲೋರೈಡ್ ಜೆಲ್ ತುಂಬಿದ ರೆಫರೆನ್ಸ್. ಅದರ ಕ್ಲೋರೈಡ್ ಅದರೊಳಗೇ ಇರುತ್ತದೆ, ಹೊರಗಿನ ನೀರು ಹೇಗಿದ್ದರೂ +0.197ರ ಹತ್ತಿರವೇ ನಿಲ್ಲುತ್ತದೆ. ಆದರೆ ಅದಕ್ಕೆ ಪಾಸ್ ಗೆರೆ −800 ಅಲ್ಲ, ಸುಮಾರು −750. ಇದನ್ನು ಮರೆತು ಹಳೇ ಗೆರೆಯನ್ನೇ ಇಟ್ಟರೆ ಚೆನ್ನಾಗಿರುವ ಪೈಲ್ ಫೇಲ್ ಆಗುತ್ತದೆ. ತೆರೆದದ್ದೇ ಗತಿ ಅಂದರೆ ಅದೇ ಆಳದಲ್ಲಿ ಕಂಡಕ್ಟಿವಿಟಿ ಕೂಡ ತೆಗೆಯುತ್ತೇನೆ, ಅದರಿಂದ ತಿದ್ದುಪಡಿ ಹಾಕಬಹುದು.

ಷೀಟ್‌ನಲ್ಲಿ ಕಂಡಕ್ಟಿವಿಟಿಗೆ ಒಂದು ಕಾಲಂ ಕೊಡಿ ಅಂತ ಮೇಲಿನವರಿಗೆ ಬರೆದೆ. ಫಾರ್ಮ್ಯಾಟ್ ಅಪ್ರೂವ್ ಆಗಿಬಿಟ್ಟಿದೆ, ಮುಟ್ಟುವ ಹಾಗಿಲ್ಲ ಅಂತ ಉತ್ತರ ಬಂತು. ಒಂದು ಕಾಲಂಗೆ ಇಷ್ಟು ಕಷ್ಟವಾ? ಸದ್ಯಕ್ಕೆ ರಿಮಾರ್ಕ್ಸ್ ಜಾಗದಲ್ಲಿ, ಪ್ರತಿ ಪೈಲ್‌ನ ಎದುರಿಗೂ, ಆಳ, ಕಂಡಕ್ಟಿವಿಟಿ, ತಿದ್ದಿದ ಅಂಕಿ ಮೂರನ್ನೂ ಕೈಯಲ್ಲೇ ಬರೆಯುತ್ತಿದ್ದೇನೆ.